ಲಾಡ್ಜ್ ರೂಮಿಗೆ ಒಂದು ರಾತ್ರಿಗೆ ಖರ್ಚೆಷ್ಟು? ಜುಲೈನಲ್ಲಿ ಒಂದು ಉತ್ತರ, ಡಿಸೆಂಬರ್‌ನಲ್ಲಿ ಇನ್ನೊಂದು

ಗೋಕರ್ಣದಲ್ಲಿ ನಮ್ಮ ಸೋದರಮಾವ ಒಂದು ಸಣ್ಣ ಲಾಡ್ಜ್ ನಡೆಸ್ತಾರೆ. 12 ರೂಮು, ಅದರಲ್ಲಿ ಆರಕ್ಕೆ ಎಸಿ ಇದೆ, ಕಟ್ಟಡ ಬಾಡಿಗೇದು. ಲೆಕ್ಕಪತ್ರದ ಕೆಲಸ ನಂದು, ಅಂದ್ರೆ ಬೆಂಗಳೂರಲ್ಲಿ ಕೂತು ತಿಂಗಳಿಗೊಂದ್ಸಲ ಅವರು ವಾಟ್ಸಾಪ್ ಮಾಡೋ ಬಿಲ್ಲಿನ ಫೋಟೋ ನೋಡಿ ಎಕ್ಸೆಲ್ ತುಂಬೋದು. ಎರಡು ವರ್ಷದ ಹಿಂದೆ ನಾನು ಬಲು ಹುಮ್ಮಸ್ಸಿನಿಂದ ಒಂದು ಶೀಟ್ ಮಾಡಿ ಪ್ರಿಂಟ್ ಹಾಕಿಸಿ ಕೌಂಟರ್ ಗಾಜಿನ ಕೆಳಗೆ ಇಡಿಸಿದ್ದೆ, ತಿಂಗಳು ತಿಂಗಳಿಗೆ ಒಂದು ರೂಮಿಗೆ ಒಂದು ರಾತ್ರಿಗೆ ಎಷ್ಟು ಖರ್ಚು ಬೀಳತ್ತೆ ಅಂತ. ಜುಲೈ ಎದುರಿಗೆ 2,263 ರೂಪಾಯಿ ಅಂತಿತ್ತು.

ಆ ಜುಲೈನಲ್ಲೇ ಒಂದು ಸಂಜೆ, ಹೊರಗೆ ಧೋ ಅಂತ ಮಳೆ, ಹುಬ್ಬಳ್ಳಿ ಕಡೆಯಿಂದ ಬೈಕಲ್ಲಿ ಬಂದ ಇಬ್ಬರು ಹುಡುಗರು ತೊಪ್ಪೆಯಾಗಿ ಕೌಂಟರ್ ಮುಂದೆ ನಿಂತು "ನಾನ್ ಎಸಿ ಸಾಕ್ರೀ, 700ಕ್ಕ ಕೊಡ್ರೀ" ಅಂದಿದಾರೆ. ಮಾವ ಗಾಜಿನ ಕೆಳಗೆ ನೋಡಿದ್ರು, 2,263. "ಆಗೂದಿಲ್ಲ" ಅಂದ್ರು. ಹುಡುಗರು ಪಕ್ಕದ ಗಲ್ಲಿಗೆ ಹೋದ್ರು. ಅವತ್ತು ರಾತ್ರಿ ಲಾಡ್ಜಲ್ಲಿ ಹತ್ತು ರೂಮು ಖಾಲಿ.

ಆಮೇಲೆ ಫೋನಲ್ಲಿ ನನಗೆ ಹೇಳ್ತಾ "ಏನೋ ಮಾರಾಯಾ, ನೀನು ಬರ್ದಿಟ್ಟಿದ್ದು ನೋಡಿನೇ ಬೇಡ ಅಂದೆ" ಅಂದಾಗ ನನಗೆ ನಾಚಿಕೆ ಆಯ್ತು. ಯಾಕಂದ್ರೆ ಶೀಟಲ್ಲಿದ್ದ ಲೆಕ್ಕ ತಪ್ಪಿರಲಿಲ್ಲ, ಭಾಗಾಕಾರ ಸರಿಯಾಗೇ ಇತ್ತು, ಆದ್ರೆ ಆ ಸಂಖ್ಯೆಗೂ ಅವತ್ತು ಮಾವ ತಗೋಬೇಕಿದ್ದ ತೀರ್ಮಾನಕ್ಕೂ ಸಂಬಂಧವೇ ಇರಲಿಲ್ಲ.

ಮೊದಲು ಆ 2,263 ಎಲ್ಲಿಂದ ಬಂತು ಅಂತ ನೋಡೋಣ. (ಇಲ್ಲಿ ಅಂಕಿಗಳನ್ನ ರೌಂಡ್ ಮಾಡಿದೀನಿ, ಮಾವನ ಗುಟ್ಟೆಲ್ಲ ಬಯಲು ಮಾಡೋದು ಬೇಡ ಅಂತ.)

ಲಾಡ್ಜಿಗೆ ಗಿರಾಕಿ ಬರಲಿ ಬಿಡಲಿ ತಿಂಗಳು ತುಂಬಿದ ತಕ್ಷಣ ಕೈ ಬಿಡೋ ದುಡ್ಡು ಅಂತ ಒಂದಿದೆ. ಕಟ್ಟಡದ ಬಾಡಿಗೆ 60,000. ಮ್ಯಾನೇಜರ್, ರಾತ್ರಿ ಕೌಂಟರ್‌ಗೆ ಒಬ್ಬ ಹುಡುಗ, ಇಬ್ಬರು ರೂಮ್ ಬಾಯ್, ಎಲ್ಲ ಸೇರಿ ಸಂಬಳ 56,000. ಕರೆಂಟಿನ ಫಿಕ್ಸೆಡ್ ಚಾರ್ಜು, ಕಾರಿಡಾರ್ ಲೈಟು, ನೀರಿನ ಪಂಪು 6,000. ಇಂಟರ್ನೆಟ್ಟು ಕೇಬಲ್ಲು 3,000. ಲೈಸೆನ್ಸು, ಇನ್ಶೂರೆನ್ಸು, ಆಡಿಟರ್ ಫೀಸು ಇವೆಲ್ಲ ವರ್ಷಕ್ಕೊಮ್ಮೆ ಕಟ್ಟೋದಾದ್ರೂ ಹನ್ನೆರಡರಿಂದ ಭಾಗಿಸಿದ್ರೆ ತಿಂಗಳಿಗೆ 5,000. ಸಣ್ಣಪುಟ್ಟ ರಿಪೇರಿ 8,000.

ಇಷ್ಟಕ್ಕೆ ಎಲ್ಲರೂ ನಿಲ್ಲಿಸ್ತಾರೆ, ಮಾವನೂ ನಿಲ್ಲಿಸಿದ್ರು. ಇನ್ನೊಂದಿದೆ, ಅದಕ್ಕೆ ಬಿಲ್ಲು ಬರಲ್ಲ ಅಷ್ಟೆ. ಹಾಸಿಗೆ ಐದಾರು ವರ್ಷಕ್ಕೆ ಕುಳಿ ಬೀಳತ್ತೆ, ಟಿವಿ ಹೋಗತ್ತೆ, ಸಮುದ್ರದ ಉಪ್ಪುಗಾಳಿಗೆ ಎಸಿಯ ಹೊರಗಿನ ಯೂನಿಟ್ಟು ಒಳನಾಡಲ್ಲಿ ಬಾಳೋದಕ್ಕಿಂತ ಎಷ್ಟೋ ಬೇಗ ತುಕ್ಕು ಹಿಡಿದು ಕೂತ್ಕೊಳತ್ತೆ. ಇದಕ್ಕೆ ರೂಮಿಗೆ ತಿಂಗಳಿಗೆ 1,000 ಅಂತ 12,000 ಎತ್ತಿಡಬೇಕು. ಎತ್ತಿಡದೆ ಇದ್ರೆ ನಾಲ್ಕು ವರ್ಷ ಲಾಭ ಲಾಭ ಅಂತ ಅನ್ಸಿ ಐದನೇ ವರ್ಷ ಒಂದೇ ಸಲ ಸಾಲ ಮಾಡೋ ಹಾಗಾಗತ್ತೆ. ಕಟ್ಟಡ ಸ್ವಂತದ್ದಾಗಿದ್ರೂ ಬಾಡಿಗೆ ಜಾಗದಲ್ಲಿ ಸೊನ್ನೆ ಹಾಕಬಾರದು, ಬೇರೆಯವರಿಗೆ ಕೊಟ್ಟಿದ್ರೆ ಎಷ್ಟು ಬರ್ತಿತ್ತೋ ಅಷ್ಟು ಹಾಕಬೇಕು, ಇಲ್ಲಾಂದ್ರೆ ಲಾಡ್ಜು ದುಡೀತಿದೆಯೋ ಕಟ್ಟಡ ದುಡೀತಿದೆಯೋ ಗೊತ್ತೇ ಆಗಲ್ಲ.

ಎಲ್ಲ ಕೂಡಿದ್ರೆ ತಿಂಗಳಿಗೆ ಒಂದೂವರೆ ಲಕ್ಷ. ಇದು ಸ್ಥಿರ ಖರ್ಚು.

ಇನ್ನೊಂದು ಜಾತಿ ಖರ್ಚು ರೂಮಿನ ಬೀಗ ತೆಗೆದಾಗ ಮಾತ್ರ ಹುಟ್ಟೋದು. ಬೆಡ್‌ಶೀಟು, ದಿಂಬಿನ ಕವರು, ಎರಡು ಟವೆಲ್ಲು ಲಾಂಡ್ರಿಗೆ ಹೋದ್ರೆ 70 ರೂಪಾಯಿ. ಸೋಪು, ನೀರಿನ ಬಾಟ್ಲಿ 30. ಫಿನಾಯಿಲು ಗಿನಾಯಿಲು 13. ಗೀಸರ್ ಒಂದು ಗಂಟೆ ಓಡಿದ್ರೆ ಎರಡು ಯೂನಿಟ್ಟು, ಫ್ಯಾನು ಲೈಟು ಟಿವಿ ಒಂದು ಯೂನಿಟ್ಟು, ಯೂನಿಟ್ಟಿಗೆ 9 ರೂಪಾಯಿ ಹಿಡಿದ್ರೆ 27. ಅಲ್ಲಿಗೆ ನಾನ್ ಎಸಿ ರೂಮಿಗೆ 140 ಆಯ್ತು. ಎಸಿ ರೂಮಾದ್ರೆ ರಾತ್ರಿಯಿಡೀ ಎಸಿ ಓಡಿ ಇನ್ನೊಂದು ಒಂಬತ್ತು ಯೂನಿಟ್ಟು ತಿನ್ನತ್ತೆ, ಅಂದ್ರೆ ಸುಮಾರು 80 ಜಾಸ್ತಿ, 220. ಎರಡೂ ಥರದ ರೂಮು ಆರಾರು ಇರೋದ್ರಿಂದ ಸರಾಸರಿ 180 ಅಂತ ಇಟ್ಕೊಳಿ.

ಈಗ ಭಾಗಾಕಾರ. 12 ರೂಮು, 30 ದಿನ, ಒಟ್ಟು 360 ರೂಮ್-ರಾತ್ರಿ. ಜುಲೈನಲ್ಲಿ ತುಂಬೋದು ಐದರಲ್ಲಿ ಒಂದು ಪಾಲು, ಅಂದ್ರೆ 72 ರಾತ್ರಿ. ಒಂದೂವರೆ ಲಕ್ಷವನ್ನ 72 ರಾತ್ರಿಗೆ ಹಂಚಿದ್ರೆ ತಲೆಗೆ 2,083, ಅದಕ್ಕೆ 180 ಸೇರಿಸಿದ್ರೆ 2,263. ಡಿಸೆಂಬರ್‌ನಲ್ಲಿ ನೂರಕ್ಕೆ 75 ತುಂಬತ್ತೆ, 270 ರಾತ್ರಿ, ಅದೇ ಒಂದೂವರೆ ಲಕ್ಷ ತಲೆಗೆ 556 ಆಗತ್ತೆ, 180 ಸೇರಿ 736. ಅದೇ ರೂಮು, ಅದೇ ಹಾಸಿಗೆ, ಅದೇ ಸೋಪು. ಜಾತ್ರೆಗೆ ಜೀಪು ಬಾಡಿಗೆ ಮಾಡಿದ ಹಾಗೆ, ಜೀಪಿನವನು ಕೇಳೋದು ಒಂದೇ ಮೊತ್ತ, ಹತ್ತು ಜನ ಹತ್ತಿದ್ರೆ ಒಬ್ಬೊಬ್ಬರಿಗೆ ಕಮ್ಮಿ, ಮೂರೇ ಜನ ಆದ್ರೆ ಜೇಬಿಗೆ ಕತ್ರಿ.

ಜೀಪಿನ ಉದಾಹರಣೇನೇ ಮುಂದುವರಿಸಿದ್ರೆ ನನ್ನ ತಪ್ಪು ಗೊತ್ತಾಗತ್ತೆ. ಮೂರು ಜನ ಹತ್ತಿ ಜೀಪು ಹೊರಟೇಬಿಟ್ಟಿದೆ, ದಾರೀಲಿ ಒಬ್ಬ ಕೈ ತೋರಿಸಿ "ನಾನೂ ಬರ್ತೀನಿ, ನೂರು ರೂಪಾಯಿ ಕೊಡ್ತೀನಿ" ಅಂದ್ರೆ "ಇಲ್ಲಪ್ಪ, ನಮಗೆ ತಲೆಗೆ ಮುನ್ನೂರು ಬಿದ್ದಿದೆ, ಆಗಲ್ಲ" ಅಂತ ಯಾರಾದ್ರೂ ಅಂತಾರಾ? ಆ ಹುಬ್ಬಳ್ಳಿ ಹುಡುಗರು ಬಂದ ಸಂಜೆ ತಿಂಗಳ ಒಂದೂವರೆ ಲಕ್ಷ ಹೋಗೋದು ಹೋಗೇ ಹೋಗ್ತಿತ್ತು. ಅವರಿಗೆ ರೂಮು ಕೊಟ್ಟಿದ್ರೆ ಹೊಸದಾಗಿ ಆಗ್ತಿದ್ದ ಖರ್ಚು ನಾನ್ ಎಸಿಯ 140 ರೂಪಾಯಿ. 700ರಲ್ಲಿ ಅದನ್ನ ಕಳೆದು ಉಳಿಯೋ 560 ನೇರವಾಗಿ ಆ ಒಂದೂವರೆ ಲಕ್ಷದ ಹೊರೆ ಇಳಿಸೋಕೆ ಹೋಗ್ತಿತ್ತು. ಮಾವ 1,563 ರೂಪಾಯಿ ನಷ್ಟ ತಪ್ಪಿಸ್ದೆ ಅಂದ್ಕೊಂಡ್ರು, ನಿಜವಾಗಿ 560 ರೂಪಾಯಿ ಕಳ್ಕೊಂಡ್ರು. ಕೌಂಟರ್ ಮುಂದೆ ಗಿರಾಕಿ ನಿಂತಾಗ ನೋಡಬೇಕಾದ್ದು ರೇಟಿನಲ್ಲಿ ಆ ರಾತ್ರಿಯ ಖರ್ಚು ಕಳೆದು ಎಷ್ಟು ಉಳಿಯತ್ತೆ ಅನ್ನೋದು, ಅದನ್ನೇ ನಾನು "ಉಳಿಕೆ" ಅಂತ ಕರೀತೀನಿ, ಆಡಿಟರ್ ಹತ್ರ ಮಾತಾಡುವಾಗ ಕಾಂಟ್ರಿಬ್ಯೂಷನ್.

ಇದನ್ನ ಮಾವನಿಗೆ ಹೇಳಿದ ಮೇಲೆ ಅವರು ಎಂಥ ಕೆಲಸ ಮಾಡಿದ್ರು ಅಂದ್ರೆ, ಪೂರ್ತಿ ಆ ಕಡೆ ವಾಲಿಬಿಟ್ರು. "ಹಂಗಾರೆ 180ರ ಮೇಲೆ ಬಂದಿದ್ದೆಲ್ಲ ಲಾಭ!" ಅಂತ ಡಿಸೆಂಬರ್‌ನಲ್ಲೂ 900ಕ್ಕೆ ಬಿಡೋಕೆ ಹೊರಟ್ರು, ಶೀಟಲ್ಲೂ ಡಿಸೆಂಬರ್ ಎದುರಿಗೆ 736 ಅಂತಿತ್ತಲ್ಲ, 164 ಮೇಲೇ ಬಂತು ಅಂತ ಲೆಕ್ಕ. ಈ ತಪ್ಪು ಮೊದಲಿನದಕ್ಕಿಂತ ದುಬಾರಿ.

ಯಾಕಂದ್ರೆ ಡಿಸೆಂಬರ್ ತನ್ನ ಹೊರೆ ಮಾತ್ರ ಹೊತ್ರೆ ಸಾಲದು, ಮಳೆಗಾಲದ್ದೂ ಹೊರಬೇಕು. ಗೋಕರ್ಣದ ವರ್ಷವನ್ನ ಮೂರು ತುಂಡು ಮಾಡಿ. ನವೆಂಬರ್‌ನಿಂದ ಫೆಬ್ರವರಿ ಸೀಸನ್ನು, ತಿಂಗಳಿಗೆ 270 ರಾತ್ರಿ. ಜೂನ್‌ನಿಂದ ಸೆಪ್ಟೆಂಬರ್ ಮಳೆ, 72 ರಾತ್ರಿ. ಉಳಿದ ನಾಲ್ಕು ತಿಂಗಳು ನಡುವಿನದ್ದು, ಅರ್ಧ ತುಂಬತ್ತೆ, 180 ರಾತ್ರಿ. ವರ್ಷಕ್ಕೆ ಒಟ್ಟು 2,088 ರಾತ್ರಿ ಮಾರಾಟ. ಸ್ಥಿರ ಖರ್ಚು ವರ್ಷಕ್ಕೆ 18 ಲಕ್ಷ. ಭಾಗಿಸಿದ್ರೆ ರಾತ್ರಿಗೆ 862, ಮೇಲೆ 180, ಒಟ್ಟು 1,042. ಇಡೀ ವರ್ಷದ ಸರಾಸರಿ ರೇಟು ಇದಕ್ಕಿಂತ ಕೆಳಗಿಳಿದ್ರೆ ಲಾಡ್ಜು ಮುಳುಗ್ತಾ ಇದೆ ಅಂತ ಅರ್ಥ, ಎಷ್ಟೇ ಹೌಸ್‌ಫುಲ್ ಬೋರ್ಡ್ ಹಾಕಿದ್ರೂ. ವರ್ಷವಿಡೀ 900ಕ್ಕೆ ಕೊಟ್ರೆ ರಾತ್ರಿಗೆ 720 ಉಳಿದು, 2,088 ರಾತ್ರಿಗೆ 15 ಲಕ್ಷ ಚಿಲ್ಲರೆ ಆಗತ್ತೆ, 18 ಲಕ್ಷಕ್ಕೆ ಮೂರು ಲಕ್ಷ ಹತ್ರ ಹತ್ರ ಖೋತಾ.

ಅದಕ್ಕೆ ನಾವು ಆಮೇಲೆ ಸೀಸನ್ನಿಗೆ 1,600, ನಡುವೆ 1,100, ಮಳೆಗೆ 700 ಅಂತ ಕೂತ್ವಿ, ಜಿಎಸ್‌ಟಿ ಬಿಟ್ಟು. ಸೀಸನ್ನಿನ ನಾಲ್ಕು ತಿಂಗಳಲ್ಲೇ ಉಳಿಕೆ 15 ಲಕ್ಷ 33 ಸಾವಿರ, ನಡುವಿನದ್ದು 6 ಲಕ್ಷ 62 ಸಾವಿರ, ಮಳೆಗಾಲದ್ದು ಒಂದೂವರೆ ಲಕ್ಷ. 18 ಲಕ್ಷ ಕಳೆದ್ರೆ 5 ಲಕ್ಷ 45 ಸಾವಿರ. ಮಾವ ಅಷ್ಟೊತ್ತಿಗೆ ಮನಸ್ಸಲ್ಲೇ ಕಾರು ಬದಲಾಯಿಸಿ ಆಗಿತ್ತು.

ಕಮಿಷನ್ ಇನ್ನೂ ಕಳೆದಿರಲಿಲ್ಲ. ಬುಕಿಂಗ್ ಆ್ಯಪ್‌ಗಳು ತಗೊಳೋದು ಒಬ್ಬೊಬ್ಬರಿಗೆ ಒಂದೊಂದು ಥರ, ನಮ್ಮ ಒಪ್ಪಂದದಲ್ಲಿ 18 ಪರ್ಸೆಂಟು. ಮೇಲೆ ಆ ಕಮಿಷನ್‌ಗೆ ಮತ್ತೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 21 ಚಿಲ್ಲರೆ. ಹಿಂದೆ ರೂಮಿಗೆ 12 ಪರ್ಸೆಂಟ್ ಇದ್ದಾಗ ಈ ಜಿಎಸ್‌ಟಿನ ನಾವು ಕಟ್ಟೋ ಜಿಎಸ್‌ಟಿಯಲ್ಲಿ ಹೊಂದಿಸ್ಕೋಬಹುದಿತ್ತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ 5 ಪರ್ಸೆಂಟ್ ಮಾಡಿದ್ರು, ಆದ್ರೆ ಹಾಗೆ ಹೊಂದಿಸ್ಕೊಳೋ ಅವಕಾಶ, ಅಂದ್ರೆ ಇನ್ಪುಟ್ ಕ್ರೆಡಿಟ್, ತೆಗೆದ್ರು. ಗಿರಾಕಿಗೆ ಬಿಲ್ಲು ಕಮ್ಮಿ ಆಯ್ತು, ಸರಿ, ಆದ್ರೆ ಕಮಿಷನ್ ಮೇಲಿನ ಜಿಎಸ್‌ಟಿ, ಎಸಿ ಕೊಂಡಾಗ ಕಟ್ಟಿದ ಜಿಎಸ್‌ಟಿ ಎಲ್ಲ ಈಗ ಲಾಡ್ಜಿನವನ ಖರ್ಚು. ಹಳೇ ಶೀಟಲ್ಲಿ ಜಿಎಸ್‌ಟಿ ಬಿಟ್ಟು ಖರ್ಚು ಬರೆದಿಟ್ಟವರು ಅದನ್ನ ತಿದ್ದಬೇಕು, ನಾನು ಮೂರು ತಿಂಗಳು ತಡವಾಗಿ ತಿದ್ದಿದೆ.

ಕಮಿಷನ್ನಿನ ಗುಣ ಬೇರೆ, ಅದು ರೇಟಿನ ಜೊತೆ ಏರತ್ತೆ. ಹಾಗಾಗಿ 180ರ ಒಳಗೆ ಸರಾಸರಿ ಹಾಕಿ ಮುಚ್ಚಿಡಬಾರದು, ಆ್ಯಪ್‌ನಿಂದ ಬಂದ ರಾತ್ರಿ, ನೇರ ಬಂದ ರಾತ್ರಿ ಅಂತ ಎರಡು ಕಾಲಂ ಮಾಡಿ. 1,200ರ ರೇಟಲ್ಲಿ ನೇರ ಬಂದವರಿಂದ ಉಳಿಯೋದು 1,020, ಆ ಲೆಕ್ಕದಲ್ಲಿ ತಿಂಗಳಿಗೆ 148 ರಾತ್ರಿ ತುಂಬಿದ್ರೆ ಒಂದೂವರೆ ಲಕ್ಷ ಮುಟ್ಟತ್ತೆ. ಆ್ಯಪ್‌ನವರಿಂದ ಸುಮಾರು 255 ಹೋಗಿ ಉಳಿಯೋದು 765, ಅದೇ ದಡ ಮುಟ್ಟೋಕೆ 197 ರಾತ್ರಿ ಬೇಕು. ಸುಮಾರು 50 ರಾತ್ರಿ ವ್ಯತ್ಯಾಸ. ನಮ್ಮಲ್ಲಿ ಹತ್ತರಲ್ಲಿ ನಾಲ್ಕು ಪಾಲು ಆ್ಯಪ್‌ನಿಂದ ಬರೋದು, ವರ್ಷದ ವ್ಯಾಪಾರ 27 ಲಕ್ಷದ ಮೇಲೆ ಅಂದ್ರೆ 2 ಲಕ್ಷ 31 ಸಾವಿರ ಹೋಯ್ತು. ಉಳಿದಿದ್ದು 3 ಲಕ್ಷ 14 ಸಾವಿರ, ಮಾವನ ವರ್ಷವಿಡೀ ನಿದ್ದೆಗೆಟ್ಟ ಕೂಲಿ ಅದರಲ್ಲೇ. ಕಾರು ಹಳೇದೇ ಇದೆ.

ಇಲ್ಲಿವರೆಗೂ ಭಾಗಾಕಾರದ ಮೇಲಿನ ಅಂಕಿ, ಅಂದ್ರೆ ಖರ್ಚಿನ ಬಗ್ಗೆ ಮಾತಾಡಿದ್ವಿ. ನನ್ನ ಅನುಭವದಲ್ಲಿ ಜಾಸ್ತಿ ಎಡವೋದು ಕೆಳಗಿನ ಅಂಕಿಯಲ್ಲಿ, ಅಂದ್ರೆ ಎಷ್ಟು ರಾತ್ರಿ ಅನ್ನೋದ್ರಲ್ಲಿ. 12 ರೂಮು ಅಂತೀವಿ, ಒಂದರಲ್ಲಿ ಮ್ಯಾನೇಜರ್ ಮಲಗ್ತಾನೆ, ಮಳೆಗಾಲದಲ್ಲಿ ಮೇಲಿನ ಮೂಲೆ ರೂಮು ಸೋರತ್ತೆ, ಶಿವರಾತ್ರಿಗೆ ನೆಂಟರು ಬಂದು ಎರಡು ರೂಮಲ್ಲಿ ಬಿಡಾರ ಹೂಡ್ತಾರೆ. ದುಡ್ಡು ಕೊಡದೆ ಮಲಗಿದ ರಾತ್ರಿಯನ್ನ ಮಾರಿದ ರಾತ್ರಿ ಅಂತ ಎಣಿಸಿದ್ರೆ ಖರ್ಚು ಕಮ್ಮಿ ಅನ್ಸತ್ತೆ, ಕ್ಯಾಶ್ ಬಾಕ್ಸಲ್ಲಿ ಮಾತ್ರ ಕಾಣಲ್ಲ. ನೆಂಟರ ರೂಮಿಗೂ 180 ಖರ್ಚಾಗತ್ತೆ, ಭಾಗಿಸೋವಾಗ ಅದು ಸೇರಲ್ಲ, ಹಾಗೆ ಬೇರೆ ಬರೀಬೇಕು.

ಇದನ್ನ ಪರೀಕ್ಷೆ ಮಾಡೋಕೆ ಒಂದು ಒಳ್ಳೇ ದಾರಿ ಇದೆ, ಲಾಂಡ್ರಿ ಚೀಟಿ. ಎರಡು ರಾತ್ರಿ ಉಳಿಯೋರ ಬೆಡ್‌ಶೀಟನ್ನ ಸಾಮಾನ್ಯವಾಗಿ ಹೋದ ಮೇಲೇ ತೆಗೆಯೋದು, ಹಾಗಾಗಿ ತಿಂಗಳಿಗೆ ಒಗೆಯೋಕೆ ಹೋದ ಸೆಟ್ಟುಗಳು ರಿಜಿಸ್ಟರಿನ ರಾತ್ರಿಗಳಿಗಿಂತ ಕಮ್ಮಿನೇ ಇರಬೇಕು. ಒಂದು ಫೆಬ್ರವರಿಯಲ್ಲಿ ನಮ್ಮ ರಿಜಿಸ್ಟರಲ್ಲಿ 262 ರಾತ್ರಿ, ಲಾಂಡ್ರಿ ಚೀಟಿ ಕೂಡಿದ್ರೆ 281 ಸೆಟ್ಟು. ನಾನು ಮೊದಲು ಲಾಂಡ್ರಿಯವನ ಮೇಲೆ ಅನುಮಾನ ಪಟ್ಟೆ, ಪಾಪ. ಆಮೇಲೆ ಗೊತ್ತಾಯ್ತು, ಬೆಂಗಳೂರಿಂದ ರಾತ್ರಿ ಬಸ್ಸಲ್ಲಿ ಬಂದು ಬೆಳಿಗ್ಗೆ ಇಳಿಯೋರು ಸ್ನಾನ ಮಾಡಿ ದೇವಸ್ಥಾನಕ್ಕೆ ಹೋಗೋಕೆ ಅಂತ ಮೂರು ಗಂಟೆಗೆ 400 ಕೊಟ್ಟು ರೂಮು ತಗೊಳ್ತಿದ್ರು, ಫ್ರೆಶ್‌ಅಪ್ ಅಂತಾರಲ್ಲ ಅದು, ಕೌಂಟರಿನ ಹುಡುಗ ಅದನ್ನ ರಾತ್ರಿ ಅಲ್ಲವಲ್ಲ ಅಂತ ರಿಜಿಸ್ಟರಲ್ಲಿ ಬರೀತಾನೇ ಇರಲಿಲ್ಲ. ದುಡ್ಡು ಎಲ್ಲಿ ಹೋಯ್ತು ಅನ್ನೋದು ಮಾವ ಮತ್ತು ಅವನ ನಡುವಿನ ಮಾತು, ನಾನು ತಲೆ ಹಾಕಿಲ್ಲ. ಆದ್ರೆ ಫ್ರೆಶ್‌ಅಪ್ ಒಳ್ಳೇ ವ್ಯಾಪಾರ, ಖಾಲಿ ಇರೋ ರೂಮಿಗೆ 140 ಖರ್ಚಾಗಿ 260 ಉಳಿಯತ್ತೆ, ರಾತ್ರಿಗೆ ಅದೇ ರೂಮು ಮತ್ತೆ ಮಾರಬಹುದು. ಈಗ ಅದಕ್ಕೆ ಬೇರೆ ಕಾಲಂ, ಗಿರಾಕಿ ಹೆಸರೂ ಐಡಿಯೂ ಸೇರಿಸಿ.

ಇದೇ ಬೆಡ್‌ಶೀಟಿನ ವಿಷಯದಿಂದ ಇನ್ನೊಂದು ಹೊಳೀತು, ಮೂರು ರಾತ್ರಿ ಉಳಿಯೋ ಒಬ್ಬ ಗಿರಾಕಿಗೂ ಒಂದೊಂದು ರಾತ್ರಿ ಉಳಿಯೋ ಮೂವರಿಗೂ ಖರ್ಚು ಒಂದೇ ಅಲ್ಲ. ಎರಡನೇ ರಾತ್ರಿಗೆ ಲಾಂಡ್ರಿಯ 70 ಇಲ್ಲ, ಹೊಸ ಸೋಪಿಲ್ಲ. ಮಳೆಗಾಲದಲ್ಲಿ "ಮೂರು ದಿನ ಇದ್ರೆ ಕಮ್ಮಿ ಮಾಡ್ತೀರಾ" ಅಂತ ಕೇಳೋರಿಗೆ ದಿನಕ್ಕೆ 50 ಕಮ್ಮಿ ಮಾಡಿದ್ರೂ ನಮಗೇನೂ ಹೋಗಲ್ಲ.

ಮಳೆಗಾಲ ಅಂದ್ರೆ ಮಾವನ ಇನ್ನೊಂದು ಪ್ರಶ್ನೆ, ನಾಲ್ಕು ತಿಂಗಳು ಬಾಗಿಲು ಹಾಕಿಬಿಟ್ರೆ ಹೇಗೆ ಅಂತ. ಜುಲೈನಲ್ಲಿ 72 ರಾತ್ರಿ, 700 ರೂಪಾಯಿ, ಉಳಿಕೆ 37 ಸಾವಿರ ಚಿಲ್ಲರೆ, ಒಂದೂವರೆ ಲಕ್ಷದ ಎದುರು ಒಂದು ಲಕ್ಷದ 12 ಸಾವಿರ ನಷ್ಟ. ನೋಡಿದ್ರೆ ಎದೆ ಧಸಕ್ ಅನ್ನತ್ತೆ. ಆದ್ರೆ ಬಾಗಿಲು ಹಾಕಿದ್ರೆ ನಿಲ್ಲೋದೇನು? ಬಾಡಿಗೆ ನಿಲ್ಲಲ್ಲ. ಮ್ಯಾನೇಜರ್‌ನ ಕಳಿಸಿದ್ರೆ ಅಕ್ಟೋಬರ್‌ಗೆ ವಾಪಸ್ ಸಿಗಲ್ಲ. ಒಬ್ಬ ರೂಮ್ ಬಾಯ್ ಸಂಬಳ 12,000, ಪಂಪು ಲೈಟಲ್ಲಿ ಒಂದಿಷ್ಟು, ಎಲ್ಲ ಸೇರಿ 15,000 ಉಳೀಬಹುದು. ಅಂದ್ರೆ ಮುಚ್ಚಿದ್ರೆ ನಷ್ಟ ಒಂದು ಲಕ್ಷದ 35 ಸಾವಿರ, ತೆಗೆದಿಟ್ರೆ 22 ಸಾವಿರ ಕಮ್ಮಿ ನಷ್ಟ. ಆ 15,000ವನ್ನ 520ರ ಉಳಿಕೆಯಿಂದ ಭಾಗಿಸಿದ್ರೆ 29, ತಿಂಗಳಿಗೆ 29 ರಾತ್ರಿಗಿಂತ ಕೆಳಗೆ ಹೋದ್ರೆ ಮಾತ್ರ ಬೀಗ ಹಾಕೋ ಯೋಚನೆ ಮಾಡಬೇಕು. ಬಾಗಿಲು ಹಾಕಿದ ಕಟ್ಟಡ ಕರಾವಳಿಯ ಮಳೇಲಿ ನಾಲ್ಕು ತಿಂಗಳು ಕೂತ್ರೆ ಹಾಸಿಗೆಗೆ ಹಿಡಿಯೋ ಬೂಷ್ಟಿನ ಖರ್ಚು ಇದರಲ್ಲಿ ಸೇರಿಸೇ ಇಲ್ಲ.

ಸ್ಥಿರ ಖರ್ಚು ಅನ್ನೋದು ಪೂರ್ತಿ ಸ್ಥಿರವೂ ಅಲ್ಲ, ಇದೂ ಗೊತ್ತಿರಲಿ. ಡಿಸೆಂಬರ್ ಕೊನೇ ವಾರ ಎಲ್ಲ ರೂಮೂ ದಿನಾ ಬದಲಾಗೋವಾಗ ಇಬ್ಬರು ರೂಮ್ ಬಾಯ್‌ಗೆ ಆಗಲ್ಲ, ಚೆಕ್ಔಟ್ ಆದ ರೂಮು ಮಧ್ಯಾಹ್ನ ಮೂರಾದ್ರೂ ರೆಡಿ ಇರಲ್ಲ, ಮೂರನೆಯವನನ್ನ ಕರೀಬೇಕು. ಖರ್ಚು ಮೆಟ್ಟಿಲು ಹತ್ತಿದ ಹಾಗೆ ಏರತ್ತೆ.

ಡಿಸ್ಕೌಂಟಿಗೂ ಮಿತಿ ಇದೆ. 700ಕ್ಕೆ ಕೊಟ್ರೆ ಲಾಭ ಅನ್ನೋ ಮಾತು ನಿಲ್ಲೋದು ಆ ಗಿರಾಕಿ ಇಲ್ಲಾಂದ್ರೆ ಬರ್ತಾನೇ ಇರಲಿಲ್ಲ ಅನ್ನೋದಾದ್ರೆ ಮಾತ್ರ. ಏಪ್ರಿಲ್‌ನಲ್ಲಿ 1,100 ಕೊಡೋಕೆ ರೆಡಿ ಇರೋರಿಗೂ ಬೋರ್ಡ್ ಹಾಕಿ 900 ಮಾಡಿದ್ರೆ, ಉಳಿಕೆ 920ರಿಂದ 720ಕ್ಕೆ ಇಳಿಯತ್ತೆ, ಮೊದಲಿನಷ್ಟೇ ದುಡ್ಡು ಕಾಣೋಕೆ 180 ರಾತ್ರಿ ಬದಲು 230 ತುಂಬಬೇಕು. ಆ ಐವತ್ತು ರಾತ್ರಿ ಎಲ್ಲಿಂದ ಬರತ್ತೆ ಅಂತ ಹೇಳೋಕಾದ್ರೆ ಇಳಿಸಿ. ಅದಕ್ಕೇ ನಾವು ಬೋರ್ಡ್ ರೇಟು ಮುಟ್ಟಲ್ಲ, ರಾತ್ರಿ ಎಂಟರ ಮೇಲೆ ಕೌಂಟರಿಗೆ ನಡ್ಕೊಂಡು ಬಂದವರ ಹತ್ರ ಮಾತ್ರ ಚೌಕಾಸಿ.

ಈಗ ಗಾಜಿನ ಕೆಳಗೆ ನನ್ನ ಹಳೇ ಶೀಟ್ ಇಲ್ಲ. ಮಾವನ ಕೈಬರಹದಲ್ಲಿ ಒಂದು ಚೀಟಿ ಇದೆ. "ವರ್ಷದ ಸರಾಸರಿ 1,042ರ ಕೆಳಗೆ ಬರಬಾರದು, ಆ್ಯಪ್ ಬುಕಿಂಗಿಗೆ ಕಮಿಷನ್ ಬೇರೆ" ಅಂತ ಮೇಲೆ, ಅದರ ಕೆಳಗೆ "ಮಳೆ, ರಾತ್ರಿ 8ರ ಮೇಲೆ, ನಾನ್ ಎಸಿ 500, ಎಸಿ 650, ಇದಕ್ಕಿಂತ ಕಮ್ಮಿ ಕೇಳಿದ್ರೆ ನನಗೆ ಫೋನ್ ಮಾಡು" ಅಂತ. ಕಳೆದ ಆಗಸ್ಟ್‌ನಲ್ಲಿ ರಾತ್ರಿ ಹುಡುಗ ಹನ್ನೊಂದೂವರೆಗೆ ಎಬ್ಬಿಸಿ "450 ಅಂತಾರೆ, ನಾಲ್ಕು ಜನ, ಎರಡು ರೂಮು" ಅಂದ್ನಂತೆ. ಮಾವ ನಿದ್ದೆಗಣ್ಣಲ್ಲಿ 140 ಕಳೆದು ಎರಡರಿಂದ ಗುಣಿಸಿ, "ಕೊಡು, ಬಿಸಿನೀರು ಬೆಳಿಗ್ಗೆ ಒಂದೇ ಗಂಟೆ ಅಂತ ಹೇಳು" ಅಂದು ಮಗ್ಗಲು ಬದಲಾಯಿಸಿದ್ರಂತೆ.